ಆಹ್ವಾನ ಪತ್ರದಲ್ಲಿ ಸಂಭಾವನೆಯ ಸಾಲು

ವೆಬಿನಾರ್‌ಗೆ ಕರೆಯುವ ಪತ್ರಗಳಲ್ಲಿ ‘ತಮ್ಮ ಅಮೂಲ್ಯ ವಿಚಾರಗಳನ್ನು ಹಂಚಿಕೊಳ್ಳಬೇಕು’ ಎಂಬ ವಿನಂತಿ ತಪ್ಪದೆ ಇರುತ್ತದೆ. ಯಾವ ವಿಚಾರ, ಯಾರಿಗೆ ಎಂಬುದು ಮಾತ್ರ ಎಷ್ಟೋ ಸಲ ಇರುವುದಿಲ್ಲ.

ಪದವಿ ಕಾಲೇಜೊಂದರ ಇತಿಹಾಸ ವಿಭಾಗ ಶಾಸನತಜ್ಞರೊಬ್ಬರನ್ನು ಕರೆಯುತ್ತಿದೆ ಎನ್ನೋಣ. ‘ಕರ್ನಾಟಕದ ಶಾಸನಗಳು’ ಎಂದರೆ ಅವರು ಎಲ್ಲಿಂದ ಶುರು ಮಾಡಬೇಕು? ‘ಹಲ್ಮಿಡಿ ಶಾಸನವನ್ನು ಓದುವ ಬಗೆ; ಕೇಳುಗರು ಅಂತಿಮ ಬಿಎಯ 80 ವಿದ್ಯಾರ್ಥಿಗಳು, ಹಳಗನ್ನಡದ ಪರಿಚಯ ಕಡಿಮೆ’ ಎಂದು ಬರೆದರೆ ಅವರು ಲಿಪಿಯ ಚಿತ್ರಗಳನ್ನೇ ಸಿದ್ಧಮಾಡಿಕೊಂಡು ಬರುತ್ತಾರೆ. ದಿನಾಂಕದ ಜೊತೆ ವಾರ, ವೇಳೆ, ಮಾತಿಗೆ 40 ನಿಮಿಷ, ಪ್ರಶ್ನೆಗೆ 20 ನಿಮಿಷ ಎಂಬುದೂ ಬೇಕು.

ಭಾಷಣಕಾರರು ನ್ಯೂಜೆರ್ಸಿಯ ಕನ್ನಡಿಗರಾದರೆ ಇನ್ನೊಂದು ತೊಡಕು: ಭಾರತದ ಸಂಜೆ 7 ಗಂಟೆ ಅಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 9.30, ಚಳಿಗಾಲದಲ್ಲಿ 8.30. ಅಲ್ಲಿನ ಗಡಿಯಾರ ನವೆಂಬರ್‌ನ ಮೊದಲ ಭಾನುವಾರ ಹಿಂದೆ ಸರಿಯುತ್ತದೆ. ಆದ್ದರಿಂದ ಎರಡೂ ಊರಿನ ವೇಳೆ ಬರೆಯುವುದೇ ಕ್ಷೇಮ.

ಎಲ್ಲರೂ ಮುಜುಗರಪಡುವುದು ಹಣದ ವಿಷಯಕ್ಕೆ. ‘ಸೂಕ್ತ ಗೌರವಧನ ನೀಡಲಾಗುವುದು’ ಎಂಬ ಮಾತು ಯಾರಿಗೂ ಉಪಯೋಗವಿಲ್ಲ. ಕೇಳಲು ಅತಿಥಿಗೆ ಸಂಕೋಚ, ಹೇಳಲು ಕರೆದವರಿಗೆ ಸಂಕೋಚ. ‘ಗೌರವಧನ ₹3,000, ಕಾರ್ಯಕ್ರಮದ ನಂತರ 15 ದಿನದೊಳಗೆ ಬ್ಯಾಂಕ್ ಖಾತೆಗೆ, ತೆರಿಗೆ ಕಡಿತವಿದ್ದರೆ ಮೊದಲೇ ತಿಳಿಸುತ್ತೇವೆ’ ಎಂದರೆ ಆಯಿತು. ಪ್ಯಾನ್, ಖಾತೆಯ ವಿವರಗಳನ್ನು ಒಪ್ಪಿಗೆ ಬಂದ ಕೂಡಲೇ ಕೇಳಬೇಕು. ಕೊಡಲು ಹಣವಿಲ್ಲದಿದ್ದರೆ ಅದನ್ನೂ ಅದೇ ಪತ್ರದಲ್ಲಿ ಬರೆಯಬೇಕು. ಬೇಡವೆನ್ನುವ ಅವಕಾಶ ಅತಿಥಿಗೆ ಆಗಲೇ ಸಿಗುತ್ತದೆ.