ಕಂತಿನ ಪಟ್ಟಿಯ ಎರಡನೆಯ ಸಾಲು

ಸಾಲದ ಕಂತಿನ ಪಟ್ಟಿಯೊಂದರ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿ, ‘ಇದು ಯಾವ ಸೂತ್ರದ ಲೆಕ್ಕ?’ ಎಂದು ವಾಚನಾಲಯಕ್ಕೆ ಬರುವ ಸದಸ್ಯರೊಬ್ಬರು ಕೇಳಿದ್ದಾರೆ. ಇಂಥ ಪಟ್ಟಿ ನಮ್ಮಲ್ಲಿ ಹಲವರ ಕೈಯಲ್ಲಿ ಇರುವುದರಿಂದ, ಉತ್ತರವನ್ನು ಎಲ್ಲರಿಗೂ ಉಪಯೋಗವಾಗುವಂತೆ ಇಲ್ಲಿ ಬರೆದಿದೆ.

ಫೋಟೋ ಓರೆಯಾಗಿ ತೆಗೆದದ್ದು. ಮೇಲ್ಭಾಗದಲ್ಲಿ ಸಾಲ 60,000 ರೂಪಾಯಿ, ಬಡ್ಡಿ ವರ್ಷಕ್ಕೆ ಶೇಕಡಾ 12, ಅವಧಿ 12 ತಿಂಗಳು ಎಂದು ಸ್ಪಷ್ಟವಾಗಿದೆ. ಕೆಳಗೆ ಮೊದಲನೆಯ ಸಾಲಿನಲ್ಲಿ ಕಂತು 5,600, ಬಡ್ಡಿ 600, ಅಸಲು 5,000, ಬಾಕಿ 55,000 ಎಂದಿದೆ. ಅಲ್ಲಿಂದ ಮುಂದೆ ಅಂಕಿಗಳು ಮಸುಕು. ಸದಸ್ಯರು ಶಾಲೆಯಲ್ಲಿ ಕಲಿತ ಚಕ್ರಬಡ್ಡಿಯ ಸೂತ್ರವನ್ನು ಹಾಕಿ ನೋಡಿದ್ದಾರೆ. ತಿಂಗಳಿಗೆ ಶೇಕಡಾ 1ರಂತೆ 60,000 ರೂಪಾಯಿ ಹನ್ನೆರಡು ತಿಂಗಳಿಗೆ 67,609 ಆಗುತ್ತದೆ. ಅದನ್ನು 12ರಿಂದ ಭಾಗಿಸಿದರೆ ಕಂತು 5,634 ಬರುತ್ತದೆ. ಪಟ್ಟಿಯಲ್ಲಿರುವುದು 5,600. ಹಾಗಾದರೆ ತಮಗೆ ತಿಂಗಳಿಗೆ 34 ರೂಪಾಯಿ ಲಾಭವೇ ಆಯಿತಲ್ಲ, ಎಂಬುದು ಅವರ ಎಣಿಕೆ.

ಈ ಎಣಿಕೆ ನಿಲ್ಲುವುದಿಲ್ಲ. ಶಾಲೆಯ ಸೂತ್ರದಲ್ಲಿ ತಪ್ಪಿಲ್ಲ. ಅದು ಈ ಸಾಲಕ್ಕೆ ಹೊಂದುವುದಿಲ್ಲ, ಅಷ್ಟೆ. ತೆಗೆದುಕೊಂಡ ಹಣವನ್ನು ವರ್ಷವಿಡೀ ಮುಟ್ಟದೆ ಇಟ್ಟುಕೊಂಡು, ಕೊನೆಯ ದಿನ ಬಡ್ಡಿಸಮೇತ ಒಂದೇ ಗಂಟಾಗಿ ತೀರಿಸುವವನಿಗೆ ಆ ಸೂತ್ರ. ಕಂತು ಕಟ್ಟುವವನು ಮೊದಲ ತಿಂಗಳಿಂದಲೇ ಅಸಲನ್ನು ಇಳಿಸುತ್ತ ಬರುತ್ತಾನೆ. ತೀರಿಸಿದ ಹಣಕ್ಕೂ ಅವನಿಂದ ಬಡ್ಡಿ ಎಣಿಸುವುದು ನ್ಯಾಯವಲ್ಲ.

ಇಳಿಯುವ ಬಾಕಿಯ ಮೇಲೆ ಮಾತ್ರ ಬಡ್ಡಿ ಹಾಕಿ, ಕಂತು ಪ್ರತಿ ತಿಂಗಳೂ ಒಂದೇ ಸಮನಾಗಿ ಇರಬೇಕಾದರೆ ಸೂತ್ರ ಹೀಗಿದೆ:

```
EMI = P × r × (1+r)^n / ((1+r)^n − 1)
```

P ಎಂದರೆ ಅಸಲು, r ಎಂದರೆ ಒಂದು ತಿಂಗಳ ದರ, n ಎಂದರೆ ಕಂತುಗಳ ಸಂಖ್ಯೆ. ನಮ್ಮ ಉದಾಹರಣೆಯಲ್ಲಿ r 0.01. ಹನ್ನೆರಡು 1.01ಗಳನ್ನು ಒಂದಕ್ಕೊಂದು ಗುಣಿಸಿದರೆ 1.126825 ಬರುತ್ತದೆ. ಸೂತ್ರದ ಮೇಲ್ಭಾಗ 600 × 1.126825, ಕೆಳಭಾಗ 0.126825, ಭಾಗಿಸಿದರೆ ಕಂತು 5,331 ರೂಪಾಯಿ. ವರ್ಷದ ಒಟ್ಟು ಬಡ್ಡಿ ಸುಮಾರು 3,971. ಚಕ್ರಬಡ್ಡಿಗೂ ಇದಕ್ಕೂ ನಂಟು ಇಲ್ಲದಿಲ್ಲ. ಈ 5,331ನ್ನು ತಿಂಗಳು ತಿಂಗಳೂ ಅದೇ ಶೇಕಡಾ 1ರ ದರದಲ್ಲಿ ಠೇವಣಿ ಇಡುತ್ತ ಹೋದರೆ, ಹನ್ನೆರಡನೆಯ ಕಂತು ಇಟ್ಟ ದಿನ ಒಂದೆರಡು ರೂಪಾಯಿಗಳ ವ್ಯತ್ಯಾಸದಲ್ಲಿ ಅದೇ 67,609 ಕೂಡಿರುತ್ತದೆ. ಅಂದರೆ ಕಟ್ಟಿದ ಕಂತಿಗೂ ಬಡ್ಡಿಯ ಲೆಕ್ಕ ಸಿಕ್ಕಿದಂತಾಯಿತು.

ಹಾಗಾದರೆ 5,600 ಎಲ್ಲಿಂದ ಬಂತು? 60,000ಕ್ಕೆ ಶೇಕಡಾ 12ರಂತೆ ಒಂದು ವರ್ಷದ ಸರಳ ಬಡ್ಡಿ 7,200. ಅದನ್ನು ಅಸಲಿಗೆ ಸೇರಿಸಿದರೆ 67,200. ಹನ್ನೆರಡು ಪಾಲು ಮಾಡಿದರೆ ಸರಿಯಾಗಿ 5,600. ಇದನ್ನು ಫ್ಲಾಟ್ ದರ ಎನ್ನುತ್ತಾರೆ. ಬಾಕಿ ಎಷ್ಟೇ ಇಳಿದರೂ ಬಡ್ಡಿ ಮಾತ್ರ ಮೊದಲಿನ 60,000ದ ಮೇಲೆಯೇ ನಡೆಯುತ್ತದೆ.

ಇಷ್ಟಕ್ಕೇ ತೀರ್ಪು ಕೊಡುವಂತಿಲ್ಲ. ಇದೇ ಮೊದಲ ಸಾಲು ಇನ್ನೊಂದು ಪದ್ಧತಿಯಲ್ಲಿಯೂ ಬರುತ್ತದೆ. ಅದರಲ್ಲಿ ಅಸಲು ಪ್ರತಿ ತಿಂಗಳೂ 5,000ದಂತೆ ಸಮನಾಗಿ ತೀರುತ್ತದೆ, ಬಡ್ಡಿ ಉಳಿದ ಬಾಕಿಗೆ ಮಾತ್ರ. ಮೊದಲ ತಿಂಗಳು ಬಡ್ಡಿ 600, ಕಂತು 5,600. ಎರಡನೆಯ ತಿಂಗಳು ಬಾಕಿ 55,000. ಬಡ್ಡಿ 550, ಕಂತು 5,550. ಮೂರನೆಯ ತಿಂಗಳು 500, 5,500. ಹೀಗೆ ಇಳಿದು ವರ್ಷದ ಬಡ್ಡಿ 3,900 ಮಾತ್ರ ಆಗುತ್ತದೆ. ಫ್ಲಾಟ್ ದರದ 7,200ಕ್ಕೂ ಇದಕ್ಕೂ 3,300 ರೂಪಾಯಿಗಳ ಅಂತರ. ಆದರೂ ಎರಡು ಪಟ್ಟಿಗಳ ಮೊದಲನೆಯ ಸಾಲು ಅಕ್ಷರಶಃ ಒಂದೇ. ಆದ್ದರಿಂದ ಮೊದಲ ಸಾಲು ಮಾತ್ರ ಕಾಣುವ ಫೋಟೋದಿಂದ ಯಾವುದೂ ನಿರ್ಧಾರವಾಗುವುದಿಲ್ಲ. ಎರಡನೆಯ ಸಾಲು ಬೇಕು.

ಸದಸ್ಯರಿಂದ ಮತ್ತೊಂದು ಫೋಟೋ ತರಿಸಿಕೊಂಡು ನೋಡಿದ್ದಾಯಿತು. ಎರಡನೆಯ ಸಾಲಿನಲ್ಲಿ ಬಡ್ಡಿ 600, ಅಸಲು 5,000, ಬಾಕಿ 50,000. ಬಾಕಿ 55,000ಕ್ಕೆ ಇಳಿದ ಮೇಲೂ ಬಡ್ಡಿ ಕದಲಲಿಲ್ಲ. ಇದು ಫ್ಲಾಟ್ ದರದ ಪಟ್ಟಿಯೇ ಸರಿ. 5,331ರ ಸಮ ಕಂತಿನ ಪಟ್ಟಿಯಾಗಿದ್ದರೆ ಎರಡನೆಯ ಸಾಲಿನ ಬಡ್ಡಿ ಸುಮಾರು 553ಕ್ಕೆ ಇಳಿದು, ಅಸಲಿಗೆ ಹೋಗುವ ಭಾಗ 4,731ರಿಂದ 4,778ಕ್ಕೆ ಏರಬೇಕಾಗಿತ್ತು.

ಮಸುಕಾದ ಅಂಕಿಯನ್ನು ಊಹಿಸಿ ಓದಬಾರದು. 3 ಮತ್ತು 8, 5 ಮತ್ತು 6 ಫೋಟೋದಲ್ಲಿ ಒಂದರಂತೆ ಒಂದು ಕಾಣುತ್ತವೆ. ಪ್ರತಿ ಸಾಲಿನಲ್ಲಿಯೂ ಬಡ್ಡಿ ಮತ್ತು ಅಸಲು ಕೂಡಿದರೆ ಕಂತು ಬರಬೇಕು. ಹಿಂದಿನ ಬಾಕಿಯಲ್ಲಿ ಅಸಲನ್ನು ಕಳೆದರೆ ಹೊಸ ಬಾಕಿ ಬರಬೇಕು. ಈ ಎರಡು ತಾಳೆಗಳಿಂದ ಅಳಿಸಿಹೋದ ಅಂಕಿಯನ್ನು ಹೆಚ್ಚಾಗಿ ಹೊರಡಿಸಬಹುದು. ಕೊನೆಯ ಕಂತಿನಲ್ಲಿ ಒಂದೆರಡು ರೂಪಾಯಿ ಹೆಚ್ಚುಕಡಿಮೆ ಇದ್ದರೆ ಅದು ಪೈಸೆಗಳನ್ನು ಸರಿಗಟ್ಟಿದ್ದರಿಂದ ಬಂದದ್ದು. ಅದಕ್ಕೆ ಬೇರೆ ಸೂತ್ರ ಹುಡುಕಬೇಕಾಗಿಲ್ಲ.

ಫ್ಲಾಟ್ ದರದ ಶೇಕಡಾ 12 ನಿಜವಾಗಿ ಎಷ್ಟು? ಕಾಗದದ ಮೇಲೆಯೇ ಅಂದಾಜು ಮಾಡಬಹುದು. ಸಾಲಗಾರನ ಕೈಯಲ್ಲಿ ಮೊದಲ ತಿಂಗಳು 60,000 ಇದೆ, ಕೊನೆಯ ತಿಂಗಳು 5,000 ಮಾತ್ರ. ವರ್ಷದ ಸರಾಸರಿ 32,500. ಅದಕ್ಕೆ 7,200 ಬಡ್ಡಿ ಎಂದರೆ ಶೇಕಡಾ 22ರ ಸುತ್ತಮುತ್ತ. ಸರಿಯಾದ ಅಂಕಿ ಬೇಕೆಂದರೆ ಮೊಬೈಲಿನ ಅಥವಾ ಆಫೀಸಿನ ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಬರೆಯಿರಿ:

```
=RATE(12,-5600,60000)*12
```

ಉತ್ತರ 0.2146, ಅಂದರೆ ಶೇಕಡಾ 21.46. ಸಾಲ ಕೊಡುವಾಗಲೇ ಪ್ರೊಸೆಸಿಂಗ್ ಶುಲ್ಕವೆಂದು ಹಣ ಮುರಿದುಕೊಂಡಿದ್ದರೆ, 60,000ದ ಬದಲು ಕೈಗೆ ಬಂದ ಮೊತ್ತವನ್ನು ಹಾಕಬೇಕು. ದರ ಇನ್ನೂ ಏರುವುದು ಕಾಣುತ್ತದೆ.

ರಿಸರ್ವ್ ಬ್ಯಾಂಕಿನ ಆದೇಶದಂತೆ, 2024ರ ಅಕ್ಟೋಬರ್ 1ರಿಂದ ಮಂಜೂರಾದ ವೈಯಕ್ತಿಕ ಸಾಲದಂಥ ಹೊಸ ಸಾಲಗಳಿಗೆ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಹಾಳೆಯನ್ನು, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ, ಕೊಡಬೇಕು. ಅದರಲ್ಲಿ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಎ.ಪಿ.ಆರ್. ಎಂಬ ಹೆಸರಿನಲ್ಲಿ ಇರುತ್ತದೆ. ಕಂತುಗಳ ಪೂರ್ತಿ ಪಟ್ಟಿಯೂ ಇರುತ್ತದೆ. ನೌಕರರ ಪತ್ತಿನ ಸಂಘಗಳಿಗೂ ಊರಿನ ಲೇವಾದೇವಿಯವರಿಗೂ ಈ ಆದೇಶ ತಗಲುವುದಿಲ್ಲ. ಅಲ್ಲಿ ಎರಡನೆಯ ಸಾಲನ್ನು ನಾವೇ ತಾಳೆ ನೋಡಬೇಕು.

ನಮ್ಮ ಸದಸ್ಯರು ಇನ್ನೂ ಸಹಿ ಮಾಡಿಲ್ಲ. ‘ಶೇಕಡಾ 12’ ಎಂಬುದು ಬಾಕಿಯ ಮೇಲೋ ಮೊದಲಿನ ಅಸಲಿನ ಮೇಲೋ ಎಂದು ಬರೆಹದಲ್ಲಿ ಕೇಳುವಂತೆ ಅವರಿಗೆ ಹೇಳಿದೆ. ಬಾಕಿಯ ಮೇಲೆ ಎಂದು ಉತ್ತರ ಬಂದರೆ ಕಂತು 5,331 ಆಗಬೇಕು; 5,600 ಎಂಬ ಪಟ್ಟಿಯನ್ನು ಹಿಂದಿರುಗಿಸಬಹುದು. ಅಸಲಿನ ಮೇಲೆ ಎಂದರೆ, ಬೇರೆಡೆ ಬಾಕಿಯ ಮೇಲೆ ಶೇಕಡಾ 16ಕ್ಕೋ 18ಕ್ಕೋ ಸಿಗುವ ಸಾಲವೂ ಇದಕ್ಕಿಂತ ಅಗ್ಗವೇ.