ಯಾರ ಗಡಿಯಾರದ ಏಳು ಗಂಟೆ?

ಮೈಸೂರಿನಲ್ಲಿ ಇಬ್ಬರೇ ಸೇರಿ ನಡೆಸುವ ಒಂದು ವೆಬ್‌ಸೈಟ್ ಕಚೇರಿ, ಅವರ ಕ್ಲೈಂಟ್ ನ್ಯೂಯಾರ್ಕಿನ ಒಂದು ಬೇಕರಿ ಎಂದುಕೊಳ್ಳಿ. ಡೆಲಿವರಿ ಚಾರ್ಜನ್ನು ಆರ್ಡರಿನ ಮೊದಲಲ್ಲೇ ತೋರಿಸಬೇಕೋ ಕೊನೆಗೋ ಎಂದು ಕೇಳಿ ಜುಲೈನ ಒಂದು ಸೋಮವಾರ ಬೆಳಿಗ್ಗೆ 11ಕ್ಕೆ ಇವರು ಮೇಲ್ ಕಳಿಸುತ್ತಾರೆ. ಅಲ್ಲಿ ಆಗ ರಾತ್ರಿ ಒಂದೂವರೆ. ಬೇಕರಿಯವರು 10 ಗಂಟೆಗೆ ಅದನ್ನು ನೋಡಿ, ‘ಯಾವ ಪುಟದ್ದು?’ ಎಂದು ಬರೆಯುವ ಹೊತ್ತಿಗೆ ಇಲ್ಲಿ ಸಂಜೆ ಏಳೂವರೆ, ಕಚೇರಿಗೆ ಬೀಗ ಬಿದ್ದಿರುತ್ತದೆ. ಮಂಗಳವಾರ ಇವರು ಪುಟದ ಚಿತ್ರ ಕಳಿಸಿದರೆ ಉತ್ತರ ಕೈಸೇರುವುದು ಬುಧವಾರ ಬೆಳಿಗ್ಗೆ. ಫೋನಿನಲ್ಲಿ ಎರಡು ನಿಮಿಷದಲ್ಲಿ ಮುಗಿಯುವ ಮಾತಿಗೆ ಎರಡು ದಿನ ಹೋಯಿತು. ಇದರಲ್ಲಿ ಯಾರ ಸೋಮಾರಿತನವೂ ಇಲ್ಲ.

ಹೀಗಾಗಿ ಕೆಲಸ ಒಪ್ಪಿಕೊಳ್ಳುವಾಗಲೇ ಎರಡೂ ಕಡೆಯವರು ಕೂತಿರುವ ಹೊತ್ತು ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ಐಟಿಯವರು ಇದನ್ನು ಓವರ್‌ಲ್ಯಾಪ್ ಎನ್ನುತ್ತಾರೆ. ಹೊಸಬರು ಕೆಲಸ ಕೈತಪ್ಪೀತೆಂಬ ಅಂಜಿಕೆಗೆ ‘ಯಾವಾಗ ಬೇಕಾದರೂ ಫೋನ್ ಮಾಡಿ’ ಎಂದುಬಿಡುತ್ತಾರೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ನಿದ್ದೆಯೂ ಇಲ್ಲ, ಹಗಲಿನ ಕೆಲಸವೂ ಇಲ್ಲ ಎಂಬ ಸ್ಥಿತಿ. ಅದರ ಬದಲು ದಿನಕ್ಕೆ ಒಂದೂವರೆ ಗಂಟೆ ಸಾಕು, ಆದರೆ ಅದು ತಪ್ಪಬಾರದು. ಬೇಸಿಗೆಯಲ್ಲಿ ನ್ಯೂಯಾರ್ಕಿನ ಒಂಬತ್ತೂವರೆಯಿಂದ 11 ಎಂದರೆ ಇಲ್ಲಿಯ ಸಂಜೆ 7ರಿಂದ ಎಂಟೂವರೆ. ಅಷ್ಟು ಹೊತ್ತು ಇಬ್ಬರಲ್ಲಿ ಒಬ್ಬರಾದರೂ ಫೋನಿನ ಪಕ್ಕದಲ್ಲಿರುತ್ತಾರೆ. ಇನ್ನೊಬ್ಬರು ಮನೆಗೆ ಹೋಗಿ ಊಟ ಮಾಡಲಿ.

ಬೇಸಿಗೆ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಮೆರಿಕದ ಬಹುಪಾಲು ಊರುಗಳಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. 2026ರಲ್ಲಿ ಅದು ಬರುವುದು ನವೆಂಬರ್ 1ಕ್ಕೆ, ನಮ್ಮ ರಾಜ್ಯೋತ್ಸವದ ದಿನವೇ. ನಮ್ಮ ಗಡಿಯಾರ ಮಾತ್ರ ಅಲುಗುವುದಿಲ್ಲ. ಒಂಬತ್ತೂವರೆ ಗಂಟೆ ಇದ್ದ ಅಂತರ ಅಂದಿನಿಂದ ಹತ್ತೂವರೆಯಾಗುತ್ತದೆ. ಕ್ಯಾಲೆಂಡರಿನಲ್ಲಿ ಮೀಟಿಂಗ್ ಹಾಕುವಾಗ ನ್ಯೂಯಾರ್ಕ್ ಸಮಯ ಆರಿಸಿದ್ದರೆ ಮೈಸೂರಿನವರ 7 ಗಂಟೆ 8 ಆಗುತ್ತದೆ. ಭಾರತದ ಸಮಯ ಆರಿಸಿದ್ದರೆ ಬೇಕರಿಯವರು ಎಂಟೂವರೆಗೇ ಬರಬೇಕು. ಎರಡರಲ್ಲಿ ಯಾವುದಾದರೂ ಆದೀತು, ಆದರೆ ಯಾರು ಜರುಗಬೇಕೆಂಬುದು ಅಕ್ಟೋಬರಿನಲ್ಲೇ ತೀರ್ಮಾನವಾಗಿರಲಿ. ಲಂಡನ್ನಿನ ಕ್ಲೈಂಟ್ ಕೂಡ ಇದ್ದರೆ ಇನ್ನೂ ತೊಡಕು, ಅಲ್ಲಿ ಬದಲಾವಣೆ ಬರುವುದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳಂದು.

ಮೇಲ್‌ನಲ್ಲಿ `IST`, `EST` ಎಂದು ಬರೆಯುವ ಚಾಳಿಯನ್ನೂ ಬಿಡುವುದು ಒಳ್ಳೆಯದು. `IST` ಐರ್ಲೆಂಡಿಗೂ ಇದೆ, ಇಸ್ರೇಲಿಗೂ ಇದೆ. `EST` ಎಂಬುದು ನ್ಯೂಯಾರ್ಕಿನ ಚಳಿಗಾಲದ ಸಮಯ, ಜುಲೈನಲ್ಲಿ ಹಾಗೆ ಬರೆದರೆ ಒಂದು ಗಂಟೆ ತಪ್ಪು. ಊರಿನ ಹೆಸರು ಹಾಕಿ ಎರಡೂ ಕಡೆಯ ಗಂಟೆ ಬರೆದರೆ ಜಗಳವೇ ಇಲ್ಲ.

ಇನ್ನು ಉತ್ತರದ ಮಾತು. ‘ಆದಷ್ಟು ಬೇಗ’ ಎಂದರೆ ಬೇಕರಿಯವರಿಗೆ ಒಂದು ಗಂಟೆ, ಮೈಸೂರಿನವರಿಗೆ ನಾಳೆ. ಅದಕ್ಕೇ ಕರಾರಿನಲ್ಲಿ ಬರೆಯಬೇಕಾದ್ದು ಹೀಗೆ: ನಿಮ್ಮ ಬೆಳಿಗ್ಗೆ 11ರೊಳಗೆ ಬಂದ ಮೇಲ್‌ಗೆ ಅಂದೇ ಉತ್ತರ, ಆಮೇಲೆ ಬಂದದ್ದಕ್ಕೆ ಮರುದಿನ ನೀವು ಅಂಗಡಿ ತೆಗೆಯುವುದರೊಳಗೆ ಉತ್ತರ. ಶುಕ್ರವಾರ 11ರ ನಂತರ ಬಂದದ್ದನ್ನು ನೋಡುವುದು ಸೋಮವಾರ. ಉತ್ತರವೆಂದರೆ ಕೆಲಸ ಮುಗಿಯಿತೆಂದಲ್ಲ, ನೋಡಿದ್ದೇವೆ, ಇಂಥ ದಿನ ಆಗುತ್ತದೆ ಎಂದು ತಿಳಿಸುವುದು. ಇದನ್ನು ಬಿಡಿಸಿ ಹೇಳದಿದ್ದರೆ ‘ಏನಾಯಿತು?’ ಎಂಬ ಒಂದು ಸಾಲಿನ ಮೇಲ್‌ಗಳು ಶುರುವಾಗುತ್ತವೆ. ಅವು ದಿನಾ ಬರುತ್ತಿದ್ದರೆ ಕರಾರು ಎಲ್ಲೋ ಸೋರುತ್ತಿದೆ ಎಂದೇ ತಿಳಿಯಬೇಕು.

ಪ್ರಶ್ನೆ ಕೇಳುವ ರೀತಿಯೂ ಬದಲಾಗಬೇಕು. ಡೆಲಿವರಿ ಚಾರ್ಜಿನ ಮೇಲ್‌ಗೆ ಪುಟದ ಚಿತ್ರ ಅಂಟಿಸಿ, ‘ಮಂಗಳವಾರ ನಿಮ್ಮ 11 ಗಂಟೆಯೊಳಗೆ ಬೇರೆ ಹೇಳದಿದ್ದರೆ ಮೊದಲಲ್ಲೇ ತೋರಿಸುತ್ತೇವೆ’ ಎಂದು ಬರೆದರೆ ಕೆಲಸ ನಿಲ್ಲುವುದಿಲ್ಲ. ಬೆಲೆ ಬದಲಿಸುವುದು, ಗಿರಾಕಿಗಳ ಮಾಹಿತಿ ಅಳಿಸುವುದು ಇಂಥವಕ್ಕೆ ಮಾತ್ರ ಈ ಉಪಾಯ ಸಲ್ಲದು. ಅಲ್ಲಿ ಮೌನವನ್ನು ಒಪ್ಪಿಗೆಯೆಂದು ತಿಳಿಯುವ ಹಾಗಿಲ್ಲ.

ಕಷ್ಟವಿರುವುದು ತುರ್ತಿನಲ್ಲಿ. ನಮ್ಮ ರಾತ್ರಿ 11ರಿಂದ ಬೆಳಿಗ್ಗೆ 6 ಎಂದರೆ ನ್ಯೂಯಾರ್ಕಿನ ಮಧ್ಯಾಹ್ನ ಒಂದೂವರೆಯಿಂದ ರಾತ್ರಿ ಎಂಟೂವರೆ, ಬೇಕರಿಗೆ ವ್ಯಾಪಾರದ ಹೊತ್ತು. ಇಬ್ಬರೇ ಇರುವ ಕಚೇರಿ ಇಪ್ಪತ್ನಾಲ್ಕು ಗಂಟೆಯ ಕಾವಲಿಗೆ ಮಾತು ಕೊಟ್ಟರೆ ಅದು ಸುಳ್ಳು. ಸೈಟ್ ತೆರೆಯದಿದ್ದರೆ ಅಥವಾ ಹಣ ಪಾವತಿಯಾಗದಿದ್ದರೆ ಮಾತ್ರ ಫೋನ್ ಮಾಡಬಹುದು, ಅದಕ್ಕೆ ಬೇರೆ ದರ ಎಂದು ಬರೆಯುವುದು ನ್ಯಾಯ. ಅದಕ್ಕಿಂತ ಮುಖ್ಯವಾದದ್ದು, ಸೈಟಿನಲ್ಲಿ ಏನೇ ಬದಲಾವಣೆ ಹಾಕುವುದಿದ್ದರೂ ಸಂಜೆ ಆರಕ್ಕೆ ಹಾಕಬಾರದು. ಆಗ ಅಲ್ಲಿ ಎಂಟೂವರೆ, ದಿನದ ಆರ್ಡರುಗಳು ಶುರುವಾಗುವ ಸಮಯ. ಇಲ್ಲಿಯ ಮಧ್ಯಾಹ್ನ 12ಕ್ಕೆ ಹಾಕಿದರೆ ಅಲ್ಲಿ ರಾತ್ರಿ ಎರಡೂವರೆ. ಕೆಟ್ಟರೆ ಸರಿಪಡಿಸಲು ಇಡೀ ಮಧ್ಯಾಹ್ನ ಕೈಯಲ್ಲಿರುತ್ತದೆ, ಉಳಿದ ದೂರುಗಳು ಸಂಜೆ ಏಳರ ಫೋನಿಗೆ ಬರುತ್ತವೆ.