ಲೇಸರೋ, ರೇಡಿಯೇಷನ್ನೋ? ಧ್ವನಿ ಉಳಿಸುವ ಲೆಕ್ಕಾಚಾರ

ಐವತ್ತೆರಡು ವರ್ಷದ ಯಕ್ಷಗಾನ ಭಾಗವತರೊಬ್ಬರು ಎಂದಿಟ್ಟುಕೊಳ್ಳಿ. ಎರಡು ತಿಂಗಳಿಂದ ಗಂಟಲು ಒಡೆದಿದೆ. ತಿರುಗಾಟ, ನಿದ್ದೆಗೆಟ್ಟ ರಾತ್ರಿಗಳು, ಅದರ ಜೊತೆಗೆ ಬೀಡಿ. ಇದೆಲ್ಲ ಇದ್ದದ್ದೇ ಎಂದು ಕಷಾಯ ಕುಡಿದು ಸುಮ್ಮನಿದ್ದರು. ಮೊದಲು ಸಲೀಸಾಗಿ ಹಾಡುತ್ತಿದ್ದ ಕಪ್ಪು ಮೂರರ ಶ್ರುತಿ ಕೈಕೊಟ್ಟ ಮೇಲೆ ಇಎನ್‌ಟಿ ವೈದ್ಯರ ಹತ್ತಿರ ಹೋದರು. ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿದಾಗ ಬಲಗಡೆಯ ಧ್ವನಿತಂತುವಿನ ನಡುಭಾಗದಲ್ಲಿ ಒರಟಾದ ಬಿಳಿ ಮಚ್ಚೆ ಕಂಡಿತು. ಬಯಾಪ್ಸಿಯಲ್ಲಿ ಅದು ಕ್ಯಾನ್ಸರ್ ಎಂದು ಖಚಿತವಾಯಿತು.

ಕ್ಯಾಮೆರಾ ಒಳಗಿರುವಾಗಲೇ ವೈದ್ಯರು ‘ಈ ಅನ್ನಿ, ಈಗ ಉಸಿರೆಳೆದುಕೊಳ್ಳಿ’ ಎನ್ನುತ್ತಾರೆ. ‘ಈ’ ಎಂದಾಗ ಎರಡೂ ತಂತುಗಳು ಕೂಡಬೇಕು, ಉಸಿರೆಳೆದಾಗ ಅಗಲಬೇಕು. ಧ್ವನಿತಂತುವಿನ ಕ್ಯಾನ್ಸರಿನ ಹಂತ ಗಡ್ಡೆಯ ಅಳತೆಯ ಮೇಲಲ್ಲ, ಬಹುಮಟ್ಟಿಗೆ ಈ ಚಲನೆಯ ಮೇಲೆ ನಿಂತಿದೆ. ಗಡ್ಡೆ ತಂತುವಿನಲ್ಲೇ ಇದ್ದು ತಂತು ಸರಿಯಾಗಿ ಆಡುತ್ತಿದ್ದರೆ ಟಿ1. ಮೇಲಕ್ಕೋ ಕೆಳಕ್ಕೋ ಹರಡಿದ್ದರೆ ಅಥವಾ ಚಲನೆ ಮಂದವಾಗಿದ್ದರೆ ಟಿ2. ತಂತು ಅಲುಗಾಡದೆ ನಿಂತುಬಿಟ್ಟರೆ ಟಿ3. ಮೃದ್ವಸ್ಥಿಯ ಗೋಡೆಯನ್ನು ತೂರಿ ಹೊರಬಂದರೆ ಟಿ4. ಕೊನೆಯ ಎರಡರಲ್ಲಿ ಯಾವುದೆಂದು ತಿಳಿಯಲು ಸಿ.ಟಿ. ಸ್ಕ್ಯಾನ್ ಬೇಕು. ಒಂದು ಸಮಾಧಾನದ ಸಂಗತಿಯೆಂದರೆ, ಧ್ವನಿತಂತುವಿನಲ್ಲಿ ದುಗ್ಧನಾಳಗಳು ತೀರಾ ಕಡಿಮೆ. ಹಾಗಾಗಿ ಟಿ1 ಹಂತದಲ್ಲಿ ಕುತ್ತಿಗೆಯ ಗಂಟುಗಳಿಗೆ ರೋಗ ಹಬ್ಬುವುದು ಅಪರೂಪ.

ನಮ್ಮ ಭಾಗವತರದು ಒಂದೇ ತಂತುವಿನ ಟಿ1. ಈ ಹಂತದಲ್ಲಿ ರೇಡಿಯೇಷನ್ನಿನಿಂದಲೂ, ಬಾಯಿಯ ಮೂಲಕವೇ ಮಾಡುವ ಲೇಸರ್ ಶಸ್ತ್ರಚಿಕಿತ್ಸೆಯಿಂದಲೂ ಗುಣವಾಗುವ ಸಂಭವ ಹೆಚ್ಚುಕಡಿಮೆ ಒಂದೇ, ನೂರಕ್ಕೆ ತೊಂಬತ್ತರ ಆಸುಪಾಸು. ಜೀವದ ಪ್ರಶ್ನೆಯಲ್ಲಿ ಎರಡೂ ಸಮ ಎಂದಾದ ಮೇಲೆ ಉಳಿಯುವುದು ಧ್ವನಿಯ ಪ್ರಶ್ನೆ.

ಲೇಸರ್ ಎಷ್ಟು ಆಳಕ್ಕೆ ಇಳಿಯಬೇಕು ಎನ್ನುವುದೇ ಇಲ್ಲಿ ಮುಖ್ಯ. ಮೇಲ್ಪದರವನ್ನಷ್ಟೇ ತೆಗೆದರೆ ಧ್ವನಿ ಬಹುಪಾಲು ಮರಳುತ್ತದೆ. ಸ್ನಾಯುವಿನವರೆಗೆ ಕತ್ತರಿಸಬೇಕಾಗಿ ಬಂದರೆ ತಂತುಗಳ ನಡುವೆ ಸಂದು ಉಳಿದು, ಮಾತಿನ ಜೊತೆ ಗಾಳಿ ಸೋರುತ್ತದೆ. ಎರಡೂ ತಂತುಗಳು ಮುಂಭಾಗದಲ್ಲಿ ಕೂಡುವ ಮೂಲೆಗೆ ರೋಗ ತಾಗಿದ್ದರಂತೂ ಲೇಸರಿಗೆ ಆ ಜಾಗ ಸುಲಭವಾಗಿ ಸಿಗುವುದಿಲ್ಲ, ಗಾಯ ಮಾಯುವಾಗ ಎರಡೂ ಬದಿ ಅಂಟಿಕೊಳ್ಳಲೂಬಹುದು. ಫಿನ್ಲೆಂಡಿನ ವೈದ್ಯರು ಇಂಥದೇ ಹಂತದ ಗಂಡಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಹೋಲಿಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟಾರೆ ಧ್ವನಿಯ ಗುಣದಲ್ಲಿ ದೊಡ್ಡ ಅಂತರವಿರಲಿಲ್ಲ. ಆದರೆ ಲೇಸರ್ ಆದವರ ದನಿಯಲ್ಲಿ ಉಸಿರಿನ ಬೆರಕೆ ಹೆಚ್ಚಿತ್ತು, ರೇಡಿಯೇಷನ್ ಪಡೆದವರಿಗೆ ದಿನನಿತ್ಯದ ತೊಂದರೆ ಕಡಿಮೆಯಿತ್ತು.

ಹಾಗಾದರೆ ರೇಡಿಯೇಷನ್ನೇ ಸೈ ಎನ್ನಬಹುದೇ? ಅಷ್ಟು ಬೇಗ ಬೇಡ. ಅದಕ್ಕೆ ವಾರಕ್ಕೆ ಐದು ದಿನದಂತೆ ಐದಾರು ವಾರ ಬೇಕು. ಅಂಕೋಲದ ಕಡೆಯವರಾದರೆ ಮಣಿಪಾಲದಲ್ಲೋ ಮಂಗಳೂರಿನಲ್ಲೋ ರೂಮು ಮಾಡಬೇಕು. ಗಂಟಲು ಹುಣ್ಣಾಗುತ್ತದೆ, ಒಣಗುತ್ತದೆ. ನಡುವೆ ದಿನ ತಪ್ಪಿಸಿದರೆ ಫಲ ಕುಗ್ಗುತ್ತದೆ, ಬೀಡಿ ಮುಂದುವರಿಸಿದರೂ ಅಷ್ಟೇ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಅದೇ ಜಾಗಕ್ಕೆ ಪೂರ್ಣ ಪ್ರಮಾಣದ ರೇಡಿಯೇಷನ್ನನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ಕೊಡಲಾಗುತ್ತದೆ. ಆಮೇಲೆ ರೋಗ ಮರುಕಳಿಸಿದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬರುವುದುಂಟು. ಲೇಸರಿನ ನಂತರ ಮರುಕಳಿಸಿದರೆ ಮತ್ತೆ ಲೇಸರ್ ಮಾಡಬಹುದು, ರೇಡಿಯೇಷನ್ನೂ ಕೈಯಲ್ಲಿ ಉಳಿದಿರುತ್ತದೆ.

ನನ್ನ ಮಟ್ಟಿಗೆ, ಭಾಗವತರ ಗಡ್ಡೆ ತೆಳುವಾಗಿ ತಂತುವಿನ ನಡುವೆ ಇರುವುದರಿಂದ, ಅವರ ವಯಸ್ಸಿಗೆ ಲೇಸರ್ ಮೊದಲ ಆಯ್ಕೆ. ಅದೇ ಗಡ್ಡೆ ಸ್ನಾಯುವಿಗೆ ಇಳಿದಿದ್ದರೆ ರೇಡಿಯೇಷನ್ ಎನ್ನುತ್ತಿದ್ದೆ. ಮಾತಿಗೆ ಸಾಕಾಗುವ ದನಿ ಎರಡರಲ್ಲೂ ಸಿಗುತ್ತದೆ, ಆದರೆ ಕಪ್ಪು ಮೂರು ವಾಪಸ್ಸು ಬರುತ್ತದೆಂದು ಯಾರೂ ಮಾತು ಕೊಡಲಾರರು. ಚಿಕಿತ್ಸೆಗೆ ಮೊದಲೇ ಧ್ವನಿಯನ್ನು ರೆಕಾರ್ಡ್ ಮಾಡಿಸಿ, ಸ್ಪೀಚ್ ಥೆರಪಿಸ್ಟರನ್ನು ಕಾಣುವುದು ಒಳ್ಳೆಯದು.

ಟಿ3ರಲ್ಲಿ ಲೆಕ್ಕವೇ ಬೇರೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು 332 ರೋಗಿಗಳ ಮೇಲೆ ನಡೆಸಿದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಮೊದಲು ಕೀಮೋ, ಅದಕ್ಕೆ ಗಡ್ಡೆ ಬಗ್ಗಿದರೆ ರೇಡಿಯೇಷನ್ ಎಂಬ ಕ್ರಮದಲ್ಲಿ ಸುಮಾರು ಮೂರರಲ್ಲಿ ಇಬ್ಬರ ಧ್ವನಿಪೆಟ್ಟಿಗೆ ಉಳಿಯಿತು, ಆಯುಸ್ಸಿಗೂ ಕುಂದು ಬರಲಿಲ್ಲ. ಈಗ ಬಹುತೇಕ ಕಡೆ ಎರಡನ್ನೂ ಒಟ್ಟಿಗೆ ಕೊಡುತ್ತಾರೆ. ಆದರೆ ನುಂಗಿದ್ದೆಲ್ಲ ಶ್ವಾಸನಾಳಕ್ಕೆ ಹೋಗುತ್ತಿದ್ದರೆ, ಅಥವಾ ರೋಗ ಮೃದ್ವಸ್ಥಿಯನ್ನು ತೂರಿದ್ದರೆ, ಪೆಟ್ಟಿಗೆಯನ್ನು ಉಳಿಸುವ ಹಟ ಒಳ್ಳೆಯದಲ್ಲ. ತೆಗೆದ ಮೇಲೂ ಶ್ವಾಸನಾಳ ಮತ್ತು ಅನ್ನನಾಳದ ನಡುವೆ ಸಣ್ಣ ಕವಾಟ ಕೂರಿಸಿ ಮಾತಾಡಿಸಬಹುದು. ಬೆಂಗಳೂರಿನ ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ರೂಪಿಸಿದ ‘ಓಂ’ ಕವಾಟ ಸುಮಾರು ಐವತ್ತು ರೂಪಾಯಿಯ ವೆಚ್ಚದ್ದೆಂದು ಸುದ್ದಿಯಾಗಿತ್ತು.

ಗಂಟಲು ಒಡೆದು ಮೂರು ವಾರ ಕಳೆದಿದ್ದರೆ ಕಷಾಯ ಬಿಟ್ಟು ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ಕ್ಯಾನ್ಸರ್ ಎಂದು ಗೊತ್ತಾದರೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಶಸ್ತ್ರವೈದ್ಯರನ್ನೂ ರೇಡಿಯೇಷನ್ ವೈದ್ಯರನ್ನೂ, ಇಬ್ಬರನ್ನೂ ಕಂಡು ಮಾತಾಡಿ.